ಅಪ್ಪನಿಗೆ ಅರವತ್ತು, ಮೀಟರಿಗೆ ಎಪ್ಪತ್ತೇಳು

ವೇದಿಕೆಯ ಮೇಲೆ ಎರಡನೇ ಸಲ ಹಾರ ಹಾಕಿಸಿಕೊಂಡು ಕೂತಿರುವ ಅಪ್ಪ, ಬೇರೆ ವರ ತೋರಿಸದೇ ಇದ್ದುದರಿಂದ ಅದೇ ವರನಿಗೆ ಮತ್ತೆ ಕತ್ತು ಕೊಟ್ಟ ಅಮ್ಮ, ಮುಂದಿನ ಸಾಲಿನಲ್ಲಿ ಊಟದ ಹಾಲ್ ಕಡೆಗೇ ಮುಖ ಮಾಡಿ ಕೂತಿರುವ ಬಂಧುಗಳೇ,

ಷಷ್ಟ್ಯಬ್ದಿಯಲ್ಲಿ ಮಗಳು ಮಾತಾಡಲೇಬೇಕಂತೆ. ಹೇಗೆ ಮಾತಾಡಬೇಕು ಎನ್ನುವುದೂ ಆಗಲೇ ನಿಗದಿಯಾಗಿದೆ. ಅಪ್ಪ ಆಲದಮರ, ಅಪ್ಪ ಆಕಾಶ, ಅಪ್ಪ ಬೆವರು ಸುರಿಸಿದರು, ನಮಗೆ ಗೊತ್ತೇ ಆಗಲಿಲ್ಲ. ಇಷ್ಟು ಹೇಳಿ ಗಂಟಲು ಕಟ್ಟಿಸಿಕೊಂಡು ಕೂತುಬಿಟ್ಟರೆ ಚಪ್ಪಾಳೆ. ನಮ್ಮನೆಯಲ್ಲಿ ಅದು ನಡೆಯುವುದಿಲ್ಲ. ನಮ್ಮಪ್ಪ ಮರವಲ್ಲ, ಮರದ ಕೆಳಗೆ ನಿಂತು ‘ಹಗಲು ಹೊತ್ತಲ್ಲಿ ಈ ಬೀದಿ ದೀಪ ಯಾಕೆ ಉರೀತಾ ಇದೆ?’ ಎಂದು ಕಂಬದ ನಂಬರ್ ಬರೆದುಕೊಳ್ಳುವ ಮನುಷ್ಯ. ಇನ್ನು ಬೆವರು ಸುರಿಸಿದ್ದು ನಮಗೆ ಗೊತ್ತಾಗದೆ ಇರುವುದು ಹೇಗೆ? ಫ್ಯಾನ್ ಆಫ್ ಮಾಡಿ ಅವರ ಜೊತೆ ನಮ್ಮದನ್ನೂ ಸುರಿಸಿದ್ದಾರೆ.

ಬೆಳಿಗ್ಗೆ ಪುರೋಹಿತರು ಹೇಳಿದ್ದನ್ನು ಹೋಮದ ಹೊಗೆಯಲ್ಲಿ ಕೆಮ್ಮುತ್ತಿದ್ದವರು ಕೇಳಿಸಿಕೊಂಡಿರಲಾರಿರಿ. ಸಂವತ್ಸರಗಳು ಅರವತ್ತು. ಅಪ್ಪ ಹುಟ್ಟಿದ್ದು 1965ರ ವಿಶ್ವಾವಸುವಿನಲ್ಲಿ, ಈಗ 2025ರಲ್ಲಿ ಮತ್ತೆ ವಿಶ್ವಾವಸು ಬಂದಿದೆ. ಚಕ್ರ ಒಂದು ಸುತ್ತು ಮುಗಿಸಿದೆ. ಅದೇ 1965ರಲ್ಲಿ ಜರ್ಮನಿಯ ಎಇಜಿ ಕಂಪನಿಯ ಸಹಯೋಗದಲ್ಲಿ ನಮ್ಮ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆಯೂ ಶುರುವಾಯಿತು. ಮೋಟರು, ಟ್ರಾನ್ಸ್‌ಫಾರ್ಮರು, ಸ್ವಿಚ್‌ಗೇರು ಮಾಡಿಕೊಂಡು ಬಂದ ಅದು 2002ರಲ್ಲಿ ಬಾಗಿಲು ಹಾಕಿತು. ಅಪ್ಪ ಅಲ್ಲಿ ಕೆಲಸ ಮಾಡಿದವರಲ್ಲ. ಹಳೇ ಮದ್ರಾಸ್ ರಸ್ತೆಯ ಪಕ್ಕದ ಗಲ್ಲಿಯಲ್ಲಿ ಹತ್ತು ಅಡಿ ಅಗಲದ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡವರು. ಆದರೂ ಹುಟ್ಟಿದ ವರ್ಷ ಒಂದೇ ಎಂಬ ಕಾರಣಕ್ಕೆ ಆ ಕಾರ್ಖಾನೆಯನ್ನು ಒಡಹುಟ್ಟಿದವನ ಹಾಗೆ ನೋಡುತ್ತಾರೆ. ‘ಅವನು ಹೋದ, ನಾನಿದ್ದೀನಿ’ ಎನ್ನುವುದು ಅವರ ಆರೋಗ್ಯ ತಪಾಸಣೆಯ ಪೂರ್ತಿ ವರದಿ.

ಅಪ್ಪ ಅರವತ್ತಕ್ಕೆ ಕಾದಷ್ಟು ಯಾವ ಹುಡುಗನೂ ಹದಿನೆಂಟಕ್ಕೆ ಕಾದಿರಲಾರ. ಕಾರಣ ರೈಲು. ರೈಲಿನಲ್ಲಿ ಅರವತ್ತಾದ ಗಂಡಸಿಗೆ ಟಿಕೆಟ್ಟಿನಲ್ಲಿ ಶೇ 40 ರಿಯಾಯಿತಿ, ಐವತ್ತೆಂಟಾದ ಹೆಂಗಸಿಗೆ ಶೇ 50 ಇತ್ತು. ಇದು ಅವರಿಗೆ ಐವತ್ತಾಗುವ ಮೊದಲೇ ಬಾಯಿಪಾಠ. ಕಾಶಿಗೆ ಹೋಗೋಣ ಎಂದು ಅಮ್ಮ ಕೇಳಿದಾಗೆಲ್ಲ ಒಂದೇ ಉತ್ತರ: ‘ಈಗ ಯಾಕೆ ಪೂರ್ತಿ ದುಡ್ಡು ಕೊಟ್ಟು ಹೋಗೋದು? ವಿಶ್ವನಾಥ ಎಲ್ಲಿಗೂ ಹೋಗಲ್ಲ. ಅರವತ್ತಾಗಲಿ.’ ವಿಶ್ವನಾಥ ನಿಜಕ್ಕೂ ಎಲ್ಲಿಗೂ ಹೋಗಲಿಲ್ಲ. ಹೋದದ್ದು ರಿಯಾಯಿತಿ. 2020ರ ಮಾರ್ಚಿನಲ್ಲಿ ಕೊರೊನಾ ಬಂತು, ಹಿರಿಯ ನಾಗರಿಕರು ಓಡಾಡದಿರಲಿ ಎಂದು ರಿಯಾಯಿತಿ ನಿಲ್ಲಿಸಿದರು. ಕೊರೊನಾ ಹೋಯಿತು, ಹಿರಿಯ ನಾಗರಿಕರು ಓಡಾಡತೊಡಗಿದರು, ರಿಯಾಯಿತಿ ಮಾತ್ರ ಇನ್ನೂ ಮನೆಯಲ್ಲೇ ಕೂತಿದೆ. ಅಪ್ಪ ವರ್ಷಗಟ್ಟಲೆ ಕ್ಯೂನಲ್ಲಿ ನಿಂತರು; ಕಿಟಕಿ ಹತ್ತಿರ ಬರುವ ಹೊತ್ತಿಗೆ ಒಳಗಿನವನು ಬೋರ್ಡು ತಿರುಗಿಸಿ ಊಟಕ್ಕೆ ಹೋದ.

ಇದಕ್ಕಿಂತ ಹೊಟ್ಟೆ ಉರಿಸಿದ್ದು ಬಸ್ಸು. ಬಿಎಂಟಿಸಿಯಲ್ಲಿ ಹಿರಿಯ ನಾಗರಿಕರಿಗೆ ಶೇ 25 ಕಡಿತ ಉಂಟು. ಅದನ್ನಾದರೂ ಪಡೆಯೋಣ ಎಂದು ಗುರುತಿನ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಆ ಕವರನ್ನು ಇನ್ನೊಂದು ಕವರಿನಲ್ಲಿ ಹಾಕಿ ಸಿದ್ಧ ಮಾಡಿಕೊಂಡಿದ್ದರು. ಅಷ್ಟರಲ್ಲಿ, 2023ರ ಜೂನ್ 11ರಂದು, ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಪ್ರಯಾಣ ಉಚಿತ. ಜೀವಮಾನವಿಡೀ ಒಂದು ಪೈಸೆಯ ಲೆಕ್ಕ ಇಡದ, ಉಳಿತಾಯ ಅಂದರೆ ಸಾಸಿವೆ ಡಬ್ಬಿಯಲ್ಲಿ ಮರೆತ ನೂರರ ನೋಟು ಎಂದುಕೊಂಡಿದ್ದ ಅಮ್ಮ ಆಧಾರ್ ತೋರಿಸಿ ಪುಕ್ಕಟೆ ಕೂತರು. ಪಕ್ಕದಲ್ಲಿ, ಅರವತ್ತಕ್ಕೆ ಇನ್ನೂ ಎರಡು ವರ್ಷ ಬಾಕಿಯಿದ್ದ ಅಪ್ಪ ಕವರಿನೊಳಗಿನ ಕವರನ್ನು ಜೇಬಿನಲ್ಲೇ ಇಟ್ಟುಕೊಂಡು, ಪೂರ್ತಿ ಟಿಕೆಟ್ಟಿಗೆ ಚಿಲ್ಲರೆ ಹುಡುಕುತ್ತಿದ್ದರು. ಮೊದಲ ದಿನ ಮುಖ ಸಣ್ಣದಾಯಿತು. ಎರಡನೇ ದಿನಕ್ಕೆ ಉಪಾಯ ಹೊಳೆಯಿತು. ಈಗ ಕಲಾಸಿಪಾಳ್ಯದಿಂದ ಕ್ಯಾಪಾಸಿಟರ್ ತರುವುದು, ಶಿವಾಜಿನಗರದಿಂದ ಬೇರಿಂಗ್ ತರುವುದು, ಎಲ್ಲ ಅಮ್ಮನ ಖಾತೆ. ನಮ್ಮಮ್ಮನಿಗೆ ಇವತ್ತು 6203 ಬೇರಿಂಗಿಗೂ 6204ಕ್ಕೂ ಇರುವ ವ್ಯತ್ಯಾಸ ಗೊತ್ತು. ಮಹಿಳಾ ಸಬಲೀಕರಣವಾಗಿದೆಯೇ ಎಂದು ಸರ್ಕಾರ ಕೇಳಿದರೆ ನಮ್ಮ ವಿಳಾಸ ಕೊಡಿ.

ಈಗ ಸ್ವಿಚ್ಚಿನ ವಿಷಯಕ್ಕೆ ಬರುತ್ತೇನೆ. ಬಂಧುಗಳಲ್ಲಿ ನಮ್ಮ ಮನೆಯ ಬಚ್ಚಲಿನಲ್ಲಿ ಕತ್ತಲಾಗದವರು ಯಾರಾದರೂ ಇದ್ದರೆ ಕೈ ಎತ್ತಿ. ಯಾರೂ ಇಲ್ಲ. ನಮ್ಮನೆಯಲ್ಲಿ ಬಚ್ಚಲಿನ ಸ್ವಿಚ್ಚು ಹೊರಗಿದೆ. ಅಪ್ಪ ಆ ದಾರಿಯಲ್ಲಿ ಓಡಾಡುತ್ತಾರೆ. ಒಳಗೆ ಜನ ಇದ್ದಾರೋ ಇಲ್ಲವೋ ಎನ್ನುವುದು ಆಮೇಲಿನ ವಿಚಾರಣೆ, ಮೊದಲು ಆಫ್. ಹೊಸದಾಗಿ ಮದುವೆಯಾಗಿ ಬಂದ ನಮ್ಮ ಯಜಮಾನರು ಮೊದಲ ಸಲ ತಲೆಗೆ ಶಾಂಪೂ ಹಾಕಿಕೊಂಡಿದ್ದಾಗ ಕತ್ತಲಾಯಿತು. ಕರೆಂಟ್ ಹೋಗಿದೆ ಎಂದುಕೊಂಡು ಅಲ್ಲೇ ಕಾದರು. ಅಳಿಯ ಎಂಬ ಗೌರವಕ್ಕೆ ಅಪ್ಪ ಬಾಗಿಲ ಹೊರಗಿನಿಂದ ವಿವರಣೆ ಕೊಟ್ಟರು: ‘ಸ್ನಾನಕ್ಕೆ ಬೆಳಕು ಯಾಕೆ ಸ್ವಾಮಿ, ಎಲ್ಲ ನಿಮ್ಮದೇ ಮೈ ತಾನೆ?’

ನಾನು ಲೆಕ್ಕ ಮಾಡಿ ತೋರಿಸಿದ್ದೇನೆ. ಒಂಬತ್ತು ವಾಟಿನ ಎಲ್‌ಇಡಿ ಬಲ್ಬು ಹತ್ತು ಗಂಟೆ ಉರಿದರೆ ತೊಂಬತ್ತು ವಾಟ್-ಅವರ್. ಸಾವಿರ ಆದರೆ ಒಂದು ಯೂನಿಟ್. ಅಂದರೆ ರಾತ್ರಿಯಿಡೀ ಬಲ್ಬು ಮರೆತರೂ ಐವತ್ತು ಪೈಸೆಯ ಆಸುಪಾಸು. ಅದೇ ಎರಡು ಸಾವಿರ ವಾಟಿನ ಗೀಸರ್ ಅರ್ಧ ಗಂಟೆ ಇಟ್ಟರೆ ಒಂದು ಇಡೀ ಯೂನಿಟ್ ಮುಗಿಯುತ್ತದೆ. ‘ಗೀಸರ್ ಹಿಡೀರಿ, ಬಲ್ಬು ಬಿಡಿ ಅಪ್ಪ’ ಎಂದೆ. ಜೀವನವಿಡೀ ಕರೆಂಟಿನ ಜೊತೆ ಸಂಸಾರ ಮಾಡಿದ ಮನುಷ್ಯನಿಗೆ ಇದು ಗೊತ್ತಿಲ್ಲವೇ? ಅವರು ಗೀಸರನ್ನು ಆಗಲೇ ಹಿಡಿದಿದ್ದರು. ಅದಕ್ಕೆ ಫ್ಯೂಸೇ ಹಾಕಿರಲಿಲ್ಲ. ಹಬ್ಬದ ದಿನ ಮಾತ್ರ ಜೇಬಿನಿಂದ ಫ್ಯೂಸ್ ತೆಗೆದು, ಹಾಕಿ, ಎಣ್ಣೆಸ್ನಾನ ಮುಗಿದ ಮೇಲೆ ಮತ್ತೆ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಇಂಥ ತಪಸ್ಸಿಗೆ ಸರ್ಕಾರ ಕೊಟ್ಟ ವರವನ್ನು ಕೇಳಿ. 2023ರಲ್ಲಿ ಗೃಹಜ್ಯೋತಿ ಬಂತು. ಇನ್ನೂರು ಯೂನಿಟ್ ತನಕ ಉಚಿತ ಎಂದು ಎಲ್ಲರೂ ಹೇಳಿದರು. ಅಪ್ಪ ಅವತ್ತು ಮನೆಯ ಎಲ್ಲ ದೀಪಗಳನ್ನೂ ಒಟ್ಟಿಗೆ ಹಾಕಿ ಐದು ನಿಮಿಷ ನಿಂತು ನೋಡಿದರು. ದೀಪಾವಳಿಯಲ್ಲೂ ನಮ್ಮನೆ ಅಷ್ಟು ಬೆಳಗಿದ್ದಿಲ್ಲ. ಆಮೇಲೆ ನಿಯಮ ಓದಿದರು. ಇನ್ನೂರು ಎನ್ನುವುದು ಮೇಲಿನ ಮಿತಿ. ಪ್ರತಿ ಮನೆಯ ಪಾಲು ಬೇರೆ: 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದೀರೋ ಅಷ್ಟು, ಅದರ ಮೇಲೆ ಶೇ 10.

ಫ್ಯೂಸ್ ಜೇಬಿನಲ್ಲಿಟ್ಟುಕೊಂಡ ನಮ್ಮನೆಯ ಸರಾಸರಿ ಎಪ್ಪತ್ತು ಯೂನಿಟ್. ಶೇ 10 ಸೇರಿಸಿ ಎಪ್ಪತ್ತೇಳು. ಪಕ್ಕದ ಮನೆಯ ಮಾಮ, ಇಲ್ಲೇ ಮೂರನೇ ಸಾಲಿನಲ್ಲಿ ಕೂತು ನಗುತ್ತಿದ್ದಾರೆ, ಅವರ ಮನೆಯಲ್ಲಿ ಟಿವಿ ಗೋಡೆಗೆ ಸೀರಿಯಲ್ ಹೇಳುತ್ತಿರುತ್ತದೆ, ಹಜಾರದ ಫ್ಯಾನು ಸೋಫಾಗೆ ಗಾಳಿ ಹಾಕುತ್ತಿರುತ್ತದೆ. ಅವರ ಸರಾಸರಿ ನೂರ ಎಂಬತ್ತು, ಪಾಲು ನೂರ ತೊಂಬತ್ತೆಂಟು. ನೂರ ತೊಂಬತ್ತೆಂಟು ಉರಿಸಿ ಅವರು ಸೊನ್ನೆ ಬಿಲ್ಲು ಹಿಡಿದುಕೊಂಡು ಬರುತ್ತಾರೆ. ನಾವು ವಾಷಿಂಗ್ ಮೆಷಿನ್ ತಂದ ಮೇಲೆ ತೊಂಬತ್ತೈದಕ್ಕೆ ಹೋಗಿದ್ದೇವೆ. ಅವರಿಗಿಂತ ಅರ್ಧದಷ್ಟೂ ಇಲ್ಲ, ಆದರೂ ಪಾಲಿಗಿಂತ ಹದಿನೆಂಟು ಯೂನಿಟ್ ಹೆಚ್ಚು, ಅಷ್ಟಕ್ಕೆ ನಮಗೆ ಬಿಲ್ಲು. ಉಳಿಸಿದವನಿಗೆ ಕಡಿಮೆ, ಉರಿಸಿದವನಿಗೆ ಹೆಚ್ಚು. ಹಳೆಯ ಬಳಕೆಯನ್ನೇ ಅಳತೆಗೋಲು ಮಾಡಿದರೆ ಹೀಗೇ ಆಗುವುದು. ಇದನ್ನು ಕಂಡುಹಿಡಿಯಲು ಅರ್ಥಶಾಸ್ತ್ರಜ್ಞರು ಬೇಕಾಗಿರಲಿಲ್ಲ, ನಮ್ಮಪ್ಪನ ಮುಖ ನೋಡಿದ್ದರೆ ಸಾಕಿತ್ತು.

ಅಮ್ಮ ಮೂವತ್ತು ಚಿಲ್ಲರೆ ವರ್ಷ ಕತ್ತಲಲ್ಲಿ ಒಗ್ಗರಣೆ ಹಾಕಿದವರು. ಅವತ್ತು ಒಂದೇ ಮಾತು ಹೇಳಿದರು: ‘ಪೂರ್ತಿ ಜೀವನ ಬೇಡಾರೀ, ಅದೊಂದು ವರ್ಷ ಮಾತ್ರ ಸುಮ್ಮನೆ ಇದ್ದಿದ್ದರೆ?’

ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಪಕ್ಕದ ಮನೆಗೆ ಹೋಗಿ ಮಾಮನ ಹಜಾರದ ಫ್ಯಾನ್ ಆಫ್ ಮಾಡಿ ಬಂದರು. ದುಡ್ಡು ಯಾರದ್ದೋ, ಬಿಲ್ಲು ಸೊನ್ನೆಯೋ, ಅದೆಲ್ಲ ಅವರಿಗೆ ಲೆಕ್ಕಕ್ಕಿಲ್ಲ. ಖಾಲಿ ಕುರ್ಚಿಯ ಮೇಲೆ ಫ್ಯಾನ್ ತಿರುಗುವುದನ್ನು ನೋಡಿದರೆ ಅವರಿಗೆ ಎದೆಯಲ್ಲಿ ಏನೋ ಆಗುತ್ತದೆ. ಕಡಿಮೆ ಕರೆಂಟಿನ ಬಿಎಲ್‌ಡಿಸಿ ಫ್ಯಾನ್ ಕೊಡಿಸುತ್ತೇನೆ ಎಂದರೆ ಅದೂ ಬೇಡ. ‘ಕೆಟ್ಟರೆ ಒಳಗಿನ ಬೋರ್ಡೇ ಬದಲಾಯಿಸಬೇಕು. ಮನುಷ್ಯ ಕೈ ಹಾಕೋಕೆ ಏನಿದೆ ಅದರಲ್ಲಿ?’

ಮನೆಯೊಳಗೆ ಸ್ವಿಚ್ಚು, ಮನೆಯ ಹೊರಗೆ ಗುಂಡಿ. ನಗರದಲ್ಲಿ ಎಲ್ಲಿ ಅಗೆದರೂ ಅಂಚಿನಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತ ಒಬ್ಬರು ಇರುತ್ತಾರಲ್ಲ, ಬೈಯಪ್ಪನಹಳ್ಳಿ ವಿಭಾಗದಲ್ಲಿ ಅದು ನಮ್ಮಪ್ಪ. ಸಂಬಳವಿಲ್ಲದ ಮೇಲ್ವಿಚಾರಕರು. ನಮ್ಮ ಮೆಟ್ರೊ ಶುರುವಾದದ್ದೇ ನಮ್ಮೂರಿನಿಂದ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಆರು ನಿಲ್ದಾಣ, ಏಳು ಕಿಲೋಮೀಟರಿಗೂ ಕಮ್ಮಿ. ಆ ದಾರಿಯ ಪ್ರತಿ ಕಂಬವನ್ನೂ ಅಪ್ಪ ಎಳೆತನದಿಂದ ಬಲ್ಲರು. ‘ಮೂರನೇ ಕಂಬಕ್ಕೆ ಕ್ಯೂರಿಂಗ್ ಸಾಲದು’ ಎಂದು ಇವರು ಕೆಳಗಿನಿಂದ ಕೂಗಿದ್ದನ್ನು ಮೇಲಿದ್ದ ಬಿಹಾರದ ಹುಡುಗ ನಮಸ್ಕಾರ ಎಂದುಕೊಂಡು ಕೈಮುಗಿದಿದ್ದ.

ಅಪ್ಪನ ಸೇವಾವಧಿಯ ಉತ್ತುಂಗ 2023. ಆ ಕಡೆ ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ಗೆ ಮಾರ್ಚಿನಲ್ಲೇ ರೈಲು ಓಡಿತು. ಈ ಕಡೆ ಬೈಯಪ್ಪನಹಳ್ಳಿಗೆ ಹನ್ನೆರಡನೇ ವರ್ಷ ನಡೆಯುತ್ತಿತ್ತು. ನಡುವೆ ಎರಡು ಕಿಲೋಮೀಟರ್ ಚಿಲ್ಲರೆ ಬಾಕಿ. ಕಾರಣ, ಬೆನ್ನಿಗಾನಹಳ್ಳಿಯಲ್ಲಿ ಓಡುತ್ತಿರುವ ರೈಲ್ವೆ ಹಳಿಗಳ ನೆತ್ತಿಯ ಮೇಲೆ ಉಕ್ಕಿನ ಗರ್ಡರ್ ದಾಟಿಸಬೇಕು. ಜನ ಈ ಮೆಟ್ರೊ ಇಳಿದು, ಬಸ್ಸು ಹತ್ತಿ, ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿನಲ್ಲಿ ಕೂತು, ಆ ಮೆಟ್ರೊ ಹತ್ತುತ್ತಿದ್ದರು. ಅಪ್ಪ ಮಾತ್ರ ಆ ಆರೇಳು ತಿಂಗಳು ಪರಮಸುಖಿ. ಸಂಜೆ ಅಂಗಡಿ ಮುಚ್ಚಿ ನೇರ ಗರ್ಡರ್ ಹತ್ತಿರ. ಮನೆಗೆ ಬಂದು ಊಟದ ಹೊತ್ತಿಗೆ ವರದಿ: ‘ಇವತ್ತು ಏನೂ ಆಗಲಿಲ್ಲ.’ ಈ ವರದಿಯನ್ನು ಅವರು ಹೇಳುತ್ತಿದ್ದ ಗಾಂಭೀರ್ಯದಲ್ಲಿ ಎಷ್ಟೋ ಮಂತ್ರಿಗಳು ಪ್ರಗತಿ ಪರಿಶೀಲನೆಯನ್ನೂ ಮಾಡಿರಲಾರರು. ಅಕ್ಟೋಬರ್ 9ಕ್ಕೆ ದಾರಿ ಕೂಡಿಕೊಂಡಿತು. ಊರಿಗೆಲ್ಲ ಖುಷಿ, ಅಪ್ಪನಿಗೆ ನಿವೃತ್ತಿಯ ಬೇಸರ. ಅಲ್ಲಿಯ ತನಕ ಬೈಯಪ್ಪನಹಳ್ಳಿ ಎಂದರೆ ಕೊನೆಯ ನಿಲ್ದಾಣ, ಎಲ್ಲರೂ ಇಳಿಯಲೇಬೇಕಿತ್ತು. ಈಗ ಬಾಗಿಲು ತೆರೆದು ಮುಚ್ಚುವಷ್ಟು ಹೊತ್ತು ಮಾತ್ರ ನಮಗೆ ಮರ್ಯಾದೆ.

ಇವತ್ತು ಬೆಳಿಗ್ಗೆ ಕೆಲವರು ತಡವಾಗಿ ಬಂದಿರಿ. ನಿಮ್ಮ ತಪ್ಪೇನಿಲ್ಲ, ದಾರಿ ಹೇಳಿದವರು ಅಪ್ಪ. ಬೈಯಪ್ಪನಹಳ್ಳಿಯಲ್ಲಿ ಇಳಿಯಿರಿ ಎಂದರಂತೆ. ಯಾವ ಬೈಯಪ್ಪನಹಳ್ಳಿ? ಮೆಟ್ರೊ ನಿಲ್ದಾಣ ಒಂದು. ಅದರ ಪಕ್ಕದಲ್ಲೇ ಹಳೆಯ ಸಣ್ಣ ರೈಲು ನಿಲ್ದಾಣ ಇನ್ನೊಂದು. 2022ರ ಜೂನ್‌ನಿಂದ ರೈಲು ಬಿಡುತ್ತಿರುವ, ಜನ ಇವತ್ತಿಗೂ ಬೈಯಪ್ಪನಹಳ್ಳಿ ಟರ್ಮಿನಲ್ ಎಂದೇ ಕರೆಯುವ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಮೂರನೆಯದು. ಅದು ವಿಮಾನ ನಿಲ್ದಾಣದ ಹಾಗೆ ಹೊಳೆಯುತ್ತದೆ. ಮೆಟ್ರೊ ಇಳಿದವರು ಅಲ್ಲಿಗೆ ಹೋಗಲು ಆಟೊದವನ ಬಾಯಿ ನೋಡಬೇಕು. ಕುಂದಾಪುರದ ಅತ್ತೆ ಟರ್ಮಿನಲ್‌ನಲ್ಲಿ ಇಳಿದು ಫೋನ್ ಮಾಡಿದರೆ ಅಪ್ಪ ಮೆಟ್ರೊ ಬಾಗಿಲಲ್ಲಿ ನಿಂತು ‘ಎದುರಿಗೇ ಇದ್ದೀನಲ್ಲ’ ಎನ್ನುತ್ತಿದ್ದರು. ಮನೆ ತನಕ ದಾರಿ ಹೇಳಿದ್ದು ಇನ್ನೂ ಚಂದ: ‘ಎನ್‌ಜಿಇಎಫ್ ಗೇಟ್ ಅಂತ ಕೇಳಿ, ಚಿಕ್ಕ ಮಕ್ಕಳೂ ತೋರಿಸ್ತಾರೆ.’ ತೋರಿಸುತ್ತಿದ್ದ ಚಿಕ್ಕ ಮಕ್ಕಳಿಗೆ ಈಗ ಮೊಮ್ಮಕ್ಕಳಾಗುವ ಹೊತ್ತು. ಎಂ.ಜಿ. ರಸ್ತೆ ಕಡೆಯಿಂದ ಬರುವವರಿಗೆ ‘ಲಿಡೋ ಟಾಕೀಸ್ ದಾಟಿದ ಮೇಲೆ’ ಎನ್ನುತ್ತಾರೆ. ಆ ಜಾಗದಲ್ಲಿ ಮಾಲ್ ಎದ್ದು ಎಷ್ಟು ಕಾಲವಾಯಿತು! ಅಪ್ಪನ ನಕಾಶೆಯಲ್ಲಿ ಇವತ್ತಿಗೂ ಅಲ್ಲಿ ಮ್ಯಾಟಿನಿ ನಡೆಯುತ್ತಿದೆ.

ನಗುವುದನ್ನು ನಿಲ್ಲಿಸಿ ಒಂದು ವಿಷಯ ಕೇಳಿ, ಈ ಲೆಕ್ಕದ ಹುಚ್ಚು ಎಲ್ಲಿಂದ ಬಂತು ಎಂದು. ಸುಟ್ಟ ಮೋಟರ್ ಅಂಗಡಿಗೆ ಬಂದರೆ ಅಪ್ಪ ಮೊದಲು ಮೂಸುತ್ತಾರೆ. ಇಡೀ ಸುರುಳಿ ಒಂದೇ ಥರ ಕರಕಲಾಗಿದ್ದರೆ ಲೋಡ್ ಹೆಚ್ಚಾಗಿದೆ ಅಥವಾ ಮೋಟರ್ ಜಾಮ್ ಆಗಿದೆ. ಒಂದು ಕಡೆ ಮಾತ್ರ ಕಪ್ಪಾಗಿದ್ದರೆ ಅಲ್ಲಿ ತಂತಿಯ ಎನಾಮಲ್ ಕಿತ್ತು ಒಂದಕ್ಕೊಂದು ಮುಟ್ಟಿದೆ. ಆಮೇಲೆ ಹಳೆಯ ತಾಮ್ರದ ಸುರುಳಿಯನ್ನು ಬಿಚ್ಚುತ್ತಾ ಪ್ರತಿ ಸುತ್ತನ್ನೂ ಎಣಿಸುತ್ತಾರೆ. ತಂತಿಯ ದಪ್ಪವನ್ನು ಮೈಕ್ರೊಮೀಟರಿನಲ್ಲಿ ಹಿಡಿಯುತ್ತಾರೆ. ಅಷ್ಟೇ ದಪ್ಪದ ಹೊಸ ತಂತಿ, ಅಷ್ಟೇ ಸುತ್ತು. ಸುತ್ತು ಕಮ್ಮಿ ಬಿದ್ದರೆ ಮೋಟರ್ ಕರೆಂಟ್ ಜಾಸ್ತಿ ಎಳೆಯುತ್ತದೆ, ಬಿಸಿಯಾಗುತ್ತದೆ, ಕೊನೆಗೊಂದು ದಿನ ಮತ್ತೆ ಸುಡುತ್ತದೆ. ಹೆಚ್ಚು ಬಿದ್ದರೆ ಶಕ್ತಿ ಸಾಲದೆ ನೀರು ಮೇಲಿನ ಟ್ಯಾಂಕಿಗೆ ಏರುವುದಿಲ್ಲ. ಖಾಲಿ ಜಾಗಕ್ಕೆ ಕಾಗದ ತುರುಕಿ, ದಾರದಲ್ಲಿ ಬಿಗಿದು, ವಾರ್ನಿಶ್ ಕುಡಿಸಿ, ದೊಡ್ಡ ಬಲ್ಬಿನ ಶಾಖದಲ್ಲಿ ಒಣಗಿಸಿದ ಮೇಲೆ ತಪ್ಪು ಗೊತ್ತಾದರೆ ಎಲ್ಲ ಕೆತ್ತಿ ತೆಗೆದು ಮೊದಲಿಂದ ಶುರು. ನಮ್ಮನೆಯಲ್ಲಿ ದೀಪ ಹಚ್ಚಿಟ್ಟು ಯಾರೂ ಬೈಸಿಕೊಳ್ಳದಿದ್ದದ್ದು ಆ ಒಣಗಿಸುವ ಬಲ್ಬಿಗೆ ಮಾತ್ರ.

ಹಾಗಾಗಿ ಅಪ್ಪ ಸುತ್ತುವಾಗ ಮನೆಯಲ್ಲಿ ಯಾರೂ ಮಾತಾಡುವ ಹಾಗಿಲ್ಲ. ಅಂಗಡಿಯ ಹಿಂದೆಯೇ ಮನೆ. ನಾವು ಕೇಳಿದ ಪ್ರಶ್ನೆಗಳಿಗೆಲ್ಲ ಅಂಕಿಯಲ್ಲೇ ಉತ್ತರ ಬರುತ್ತಿತ್ತು. ಎಣಿಕೆ ತಪ್ಪಬಾರದಲ್ಲ, ಜೋರಾಗಿ ಹೇಳಿಬಿಡುತ್ತಿದ್ದರು. ‘ಅಪ್ಪ, ಪ್ರೋಗ್ರೆಸ್ ಕಾರ್ಡಿಗೆ ಸೈನ್ ಬೇಕು.’ ‘ನಲವತ್ತೊಂದು.’ ಗಣಿತದಲ್ಲಿ ನನಗೆ ಬಂದಿದ್ದು ನಲವತ್ತೊಂದೇ. ಇವರಿಗೆ ಹೇಗೆ ಗೊತ್ತಾಯಿತು ಎಂದು ಹೆದರಿ ಅಮ್ಮನ ಹಿಂದೆ ಬಚ್ಚಿಟ್ಟುಕೊಂಡಿದ್ದೆ. ತಮ್ಮ ಹುಟ್ಟಿದ ಸುದ್ದಿಯನ್ನು ಅಜ್ಜಿ ಓಡಿಬಂದು ಹೇಳಿದಾಗಲೂ ಬಂದ ಉತ್ತರ ‘ಅರವತ್ತೆಂಟು.’ ಅಜ್ಜಿ ಅದನ್ನು ಸಾಯುವ ತನಕ ಕ್ಷಮಿಸಲಿಲ್ಲ. ಆದರೆ ಸುತ್ತು ಮುಗಿಸಿ, ಗಂಟು ಹಾಕಿ, ಕೈಯ ವಾರ್ನಿಶ್ ಅನ್ನು ಸೀಮೆಎಣ್ಣೆಯಲ್ಲಿ ಒರೆಸಿಕೊಂಡು ಅಪ್ಪ ಆಸ್ಪತ್ರೆಗೆ ಓಡಿದ್ದನ್ನು ನೋಡಿದವಳು ನಾನು. ಒಂದೇ ಕಾಲಿನಲ್ಲಿ ಚಪ್ಪಲಿ ಇತ್ತು. ದುಡ್ಡು ಉಳಿಸಲೆಂದು ಬಸ್ಸಿಗೆ ಕಾಯಲಿಲ್ಲ, ಆಟೊ ಹತ್ತಿದರು, ಚೌಕಾಸಿ ಮಾಡಲಿಲ್ಲ. ನಮ್ಮ ಕುಟುಂಬದ ಇತಿಹಾಸದಲ್ಲಿ ಅದೊಂದೇ ಸಲ.

ಇನ್ನು ನನ್ನ ಮಾತು ಮುಗಿಸಬೇಕು. ಈ ಕಲ್ಯಾಣ ಮಂಟಪದ ಬಾಡಿಗೆಯಲ್ಲಿ ಕರೆಂಟ್ ಸೇರಿಲ್ಲ, ಯೂನಿಟ್ ಲೆಕ್ಕದಲ್ಲಿ ಬೇರೆ ಕೊಡಬೇಕು. ಬೆಳಿಗ್ಗೆ ಐದಕ್ಕೆ, ನಾದಸ್ವರಕ್ಕೂ ಮುಂಚೆ, ಅಪ್ಪ ಮ್ಯಾನೇಜರನ್ನು ಎಬ್ಬಿಸಿ ಮೀಟರಿನ ಫೋಟೊ ತೆಗೆದುಕೊಂಡಿದ್ದಾರೆ. ನಾನು ಮೈಕ್ ಹಿಡಿದಾಗಿನಿಂದ ಅವರು ನನ್ನನ್ನು ಮಮತೆಯಿಂದ ನೋಡುತ್ತಿದ್ದಾರೆ ಎಂದುಕೊಂಡಿದ್ದೀರಿ. ಅವರು ನೋಡುತ್ತಿರುವುದು ನನ್ನ ಹಿಂದಿನ ಎರಡು ಫೋಕಸ್ ಲೈಟ್.

ಊಟಕ್ಕೆ ಏಳುವ ಮುಂಚೆ ಒಂದು ಸೂಚನೆ. ಅಡುಗೆ ಕಂಟ್ರಾಕ್ಟರ್ ದುಡ್ಡು ಎಣಿಸುವುದು ಎಲೆ ಲೆಕ್ಕದಲ್ಲಿ. ಅವರ ಕಡೆಯವನು ಎಡಬಾಗಿಲಲ್ಲಿ ಎಣಿಸುತ್ತಾನೆ, ನಮ್ಮ ಕಡೆಯಿಂದ ಬಲಬಾಗಿಲಲ್ಲಿ ನಮ್ಮ ಯಜಮಾನರು. ಎರಡು ಲೆಕ್ಕ ಇದುವರೆಗೆ ಯಾವ ಮದುವೆಯಲ್ಲೂ ತಾಳೆಯಾಗಿಲ್ಲ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡವರು ಅದಕ್ಕೆ ಬೇರೆ ಎಲೆ ಹಾಕಿಸಬೇಡಿ, ಮಗು ಅರ್ಧ ಎಲೆಯೋ ಪೂರ್ತಿಯೋ ಎಂಬ ವಿವಾದ ನಿನ್ನೆ ರಾತ್ರಿ ಇತ್ಯರ್ಥವಾಗಿಲ್ಲ. ಮೊದಲ ಪಂಕ್ತಿಯಲ್ಲಿ ಉಂಡು ಕೈ ತೊಳೆದು, ಹೋಳಿಗೆಗೋಸ್ಕರ ಎರಡನೇ ಪಂಕ್ತಿಯಲ್ಲಿ ಬೇರೆ ಮುಖ ಮಾಡಿಕೊಂಡು ಕೂರುವ ದೊಡ್ಡಪ್ಪ, ಈ ಸಲ ನಿಮ್ಮ ಫೋಟೊ ಬಲಬಾಗಿಲಲ್ಲಿ ಕೊಟ್ಟಿದ್ದೇವೆ.

ಅಗೋ, ಮೊದಲ ಪಂಕ್ತಿಗೆ ಎಲೆ ಹಾಕಿದ್ದಾರೆ. ಅಪ್ಪ ವೇದಿಕೆಯ ಮೇಲಿಂದಲೇ ಊಟದ ಹಾಲಿನ ಕಡೆ ಕತ್ತು ಚಾಚಿದ್ದಾರೆ, ತುಟಿ ಅಲ್ಲಾಡುತ್ತಿದೆ. ಅಮ್ಮ ಅವರ ಶಲ್ಯ ಎಳೆದು ಕೇಳುತ್ತಿದ್ದಾರೆ: ‘ಏನ್ರೀ, ಮತ್ತೆ ಮದುವೆಯಾಯ್ತು, ಈಗಲಾದರೂ ಕಾಶಿಗೆ ಕರ್ಕೊಂಡು ಹೋಗ್ತೀರಾ?’

ಅಪ್ಪ ‘ನೂರ ಹದಿನಾಲ್ಕು’ ಎಂದರು.